ಹಾಡಿನ ಚರಿತ್ರೆಯನ್ನು ಮೂರು ಕಂತು ಮಾಡಿದ ಮಹನೀಯರಿಗೆ

ಮಾನ್ಯರೆ,

ಕಳೆದ ಭಾನುವಾರ ನಮ್ಮೂರಿನ ರಂಗಮಂದಿರದಲ್ಲಿ ನಡೆದ ಕನ್ನಡ ಚಿತ್ರಗೀತೆಗಳ ಸಂಜೆಯ ಕುರಿತು ತಾವು ಪ್ರಕಟಿಸಿದ ವರದಿಯನ್ನು ಓದಿದ ಮೇಲೆ, ನಾನು ಹೋಗಿದ್ದು ಅದೇ ಕಾರ್ಯಕ್ರಮಕ್ಕೋ ಬೇರೆಯದಕ್ಕೋ ಎಂಬ ಅನುಮಾನ ಬಂದಿದೆ. ‘ಸಭಿಕರು ಮಂತ್ರಮುಗ್ಧರಾದರು’ ಎಂದು ಬರೆದಿದ್ದೀರಿ. ಮುಖ್ಯ ಅತಿಥಿಗಳು ದಯಮಾಡಿಸುವವರೆಗೆ, ಕಲಬುರಗಿಯ ಬಿಸಿಲು ಗೋಡೆಯಿಂದ ಇನ್ನೂ ಇಳಿಯದ ಹೊತ್ತಿನಲ್ಲಿ, ತಿರುಗದ ಫ್ಯಾನಿನ ಕೆಳಗೆ ಕುಳಿತವರು ಮಾತನಾಡುವ ಶಕ್ತಿ ಕಳೆದುಕೊಂಡಿದ್ದರೆಂಬುದು ಮಾತ್ರ ನಿಜ.

ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ನಿರೂಪಕರ ಪಾಂಡಿತ್ಯ. ಮೊದಲು ಜಾನಪದ, ಆಮೇಲೆ ಶಾಸ್ತ್ರೀಯ, ತೀರ ಇತ್ತೀಚೆಗೆ ಪಾಶ್ಚಾತ್ಯ ಎಂದು ಚಿತ್ರಸಂಗೀತದ ಚರಿತ್ರೆಯನ್ನು ಅವರು ಮೂರು ಕಂತು ಮಾಡಿ ಹಂಚಿದರು, ತಮ್ಮ ವರದಿಗಾರರು ಅದನ್ನೇ ಯಥಾವತ್ತಾಗಿ ಅಚ್ಚು ಹಾಕಿಸಿದರು. 1966ರ ‘ಸಂಧ್ಯಾರಾಗ’ದಲ್ಲಿ ಎಂ. ಬಾಲಮುರಳಿಕೃಷ್ಣ ಅವರೊಡನೆ ಸಂಗೀತ ನೀಡಿ, ಭೀಮಸೇನ ಜೋಶಿಯವರ ಕಂಠವನ್ನು ಚಿತ್ರಕ್ಕೆ ತಂದ ಜಿ.ಕೆ. ವೆಂಕಟೇಶ್ ಅವರೇ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಅವರಿಂದ ಇಂಗ್ಲಿಷ್ ಹಾಡು ಹಾಡಿಸಿದವರು. 1987ರಲ್ಲಿ ‘ಪ್ರೇಮಲೋಕ’ದ ಹಾಡುಗಳಿಗೆ ಪಾಶ್ಚಾತ್ಯ ಲಯ ಕೂರಿಸಿದ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಶಾಸ್ತ್ರೀಯ ಸಂಗೀತವೇ ಜೀವಾಳವಾದ 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ. ಅದರ ಮರುವರ್ಷ ವಿ. ಮನೋಹರ್ ಸಂಗೀತದ ‘ಜನುಮದ ಜೋಡಿ’ಯಲ್ಲಿ ಎಲ್.ಎನ್. ಶಾಸ್ತ್ರಿಯವರು ಹಾಡಿದ ‘ಕೋಲುಮಂಡೆ ಜಂಗಮದೇವ’ ಊರೂರಿಗೂ ಮುಟ್ಟಿತು. ಕಂತುಗಳ ಲೆಕ್ಕದಲ್ಲಿ ಜಾನಪದ ಎಂದೋ ಮುಗಿದುಹೋಗಬೇಕಿತ್ತಲ್ಲವೇ?

ಪಂಚಾಕ್ಷರಿ ಗವಾಯಿ ಚಿತ್ರದ ‘ಉಮಂಡು ಘುಮಂಡು’ ಹಾಡಿಗೆ ಅಂದು ಆದ ಗತಿಯನ್ನು ಹೇಳಲೇಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಈ ಹಾಡನ್ನು ವೇದಿಕೆಯಲ್ಲಿ ತಬಲಾ ಇಲ್ಲದೆ, ಮೊದಲೇ ಸಿದ್ಧಪಡಿಸಿದ ಟ್ರ್ಯಾಕಿಗೆ ಹಾಡಿಸಲಾಯಿತು. ಅದೇ ಗವಾಯಿಗಳ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಶಿಷ್ಯರನ್ನು ಜಾತ್ರೆಗಳಲ್ಲಿ ಕೇಳಿ ಬೆಳೆದ ಊರು ನಮ್ಮದು. ಗಾಯಕ ಸ್ವರಗಳ ಓಟವಾದ ತಾನ್ ಮುಗಿಸಿ, ತಾಳದ ಆವರ್ತದ ಮೊದಲ ಮಾತ್ರೆಯಾದ ಸಮಕ್ಕೆ ಬರುವ ದಾರಿಯನ್ನು ತಬಲಾದವನು ಕಣ್ಣಿಟ್ಟು ಕಾಯುತ್ತಾನೆ, ಬೇಕಾದರೆ ಲಯವನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕೊಡುತ್ತಾನೆ ಎಂಬುದು ಇಲ್ಲಿ ಹಿಂದಿನ ಸಾಲಿನವರಿಗೂ ಗೊತ್ತು. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಪಾಪ, ಆ ಹುಡುಗ ಇನ್ನೂ ತಾನಿನ ನಡುವೆ ಇರುವಾಗಲೇ ಸಮ ಬಂದು ಹೋಯಿತು; ಅದನ್ನು ಹಿಡಿಯಲು ಆತ ಉಳಿದ ಸ್ವರಗಳನ್ನು ನುಂಗಿಬಿಟ್ಟ. ವರದಿಯಲ್ಲಿ ಇದು ‘ಪಾಂಡಿತ್ಯಪೂರ್ಣ ಗಾಯನ’.

ಅದರ ಮೇಲೆ ಕೀಬೋರ್ಡಿನವರು ದನಿಯ ಕೆಳಗೆ ಉದ್ದಕ್ಕೂ, ಹಲವು ಸ್ವರ ಒಟ್ಟಿಗೇ ನುಡಿಯುವ ಕಾರ್ಡು ಒತ್ತಿ ಹಿಡಿದಿದ್ದರು. ರಾಗಕ್ಕೂ ಕಾರ್ಡಿಗೂ ಎಲ್ಲೆಂದರಲ್ಲಿ ಹೊಂದುವುದಿಲ್ಲ. ಮಾಲಕಂಸ್‌ ರಾಗವನ್ನೇ ತೆಗೆದುಕೊಳ್ಳಿ, ಅದರಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಷಡ್ಜದ ಮೇಲೆ ಕಟ್ಟುವ ಸಾಮಾನ್ಯ ಕಾರ್ಡಿನಲ್ಲಾದರೋ ಪಂಚಮ ಇದ್ದೇ ಇರುತ್ತದೆ. ಕೈ ಒತ್ತಿದೊಡನೆ ರಾಗ ಕೆಟ್ಟಿತು. ಜೊತೆಗೆ ಮೀಂಡಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದನಿಯ ಕೆಳಗೆ ಕದಲದ ಕಾರ್ಡು ನಿಂತರೆ, ಸರಿಯಾಗಿ ಹಾಡಿದವನೇ ಅಪಸ್ವರ ಹಾಡಿದಂತೆ ಕೇಳುತ್ತದೆ. ಬಲ್ಲ ಸಂಯೋಜಕರು ಇಂಥ ಹಾಡಿನಲ್ಲಿ ದನಿಯ ಕೆಳಗೆ ಶ್ರುತಿಯನ್ನಷ್ಟೇ ಉಳಿಸಿ, ವಾದ್ಯಮೇಳದ ಸಂಭ್ರಮವನ್ನು ಪಲ್ಲವಿ ಚರಣಗಳ ನಡುವಿನ ಬಿಜಿಎಮ್ಮಿಗೆ ಬಿಡುತ್ತಾರೆ. ಇಳಯರಾಜ ಅವರ ‘ಗೀತಾ’ (1981) ಚಿತ್ರದ ‘ಜೊತೆಯಲಿ ಜೊತೆಜೊತೆಯಲಿ’ ಹಾಡಿನ ಮಾತು ಬೇರೆ; ಅಲ್ಲಿ ಧಾಟಿಯೇ ಗಿಟಾರಿಗೆ ಒಗ್ಗುವಂತೆ ಹುಟ್ಟಿದೆ. ಬೆರಕೆ ಎಂದರೆ ಯಾವುದನ್ನು ಎಲ್ಲಿ ಬಿಡಬೇಕೆಂಬ ತಿಳಿವಳಿಕೆಯೇ ಹೊರತು ಎಲ್ಲದರ ಕೆಳಗೂ ಒಂದೇ ರಿದಮ್ ಪ್ಯಾಡು ಬಡಿಯುವುದಲ್ಲ. ಕಂಸಾಳೆಯ ತಾಳವೇ ಉಸಿರಾಗಿರುವ ‘ಕೋಲುಮಂಡೆ’ಗೂ ಅಂದು ಅದೇ ಪ್ಯಾಡು!

ಸಂಬಂಧಪಟ್ಟ ಅಧಿಕಾರಿಗಳಿಗೆ ಇದು ಹೊಸದೇನಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರನ್ನು ಉತ್ಸವಗಳಿಗೆ ಕರೆಸಿ, ಭಾಷಣಗಳೆಲ್ಲ ಮುಗಿದು ಕುರ್ಚಿ ಎತ್ತುವ ವೇಳೆಗೆ ವೇದಿಕೆ ಹತ್ತಿಸುವುದು, ಗೌರವಧನಕ್ಕಾಗಿ ಕಚೇರಿಗೆ ಅಲೆಸುವುದು ಇವರ ಹಳೆಯ ಚಾಳಿ. ಧ್ವನಿವರ್ಧಕ ಕಿರುಚುತ್ತದೆಂದು ಎದ್ದು ಹೇಳಿದರೆ ‘ಸುಮ್ನೆ ಕೂಡ್ರಿ ಸರ’ ಎಂಬ ಉತ್ತರ. ಕಾರ್ಯಕ್ರಮ ಮುಗಿದಾಗ ಬಸ್ಸಿರಲಿಲ್ಲ, ಆಟೋದವರು ಕೇಳಿದ್ದೇ ದರ.

ಇನ್ನು ಮುಂದೆ ತಬಲಾ, ಕಂಸಾಳೆ ಬಲ್ಲವರನ್ನು ಕರೆಸಿ ಹಾಡಿಸಲಿ, ಇಲ್ಲವೇ ಮೂಲ ಧ್ವನಿಮುದ್ರಿಕೆಯನ್ನೇ ಹಾಕಿ ನಮ್ಮನ್ನು ನೆಮ್ಮದಿಯಿಂದ ಕೇಳಲು ಬಿಡಲಿ. ಎರಡೂ ಆಗದಿದ್ದರೆ ಫ್ಯಾನನ್ನಾದರೂ ರಿಪೇರಿ ಮಾಡಿಸಲಿ. ತಮ್ಮ ವರದಿಗಾರರು ಸಹ ಮುಂದಿನ ಸಲ ಸನ್ಮಾನದ ಶಾಲು ಹೊದಿಸಿದ ಕೂಡಲೇ ಎದ್ದು ಹೋಗದೆ, ಹಾಡು ಕೇಳಿ ಬರೆಯುವ ಕೃಪೆ ಮಾಡಲಿ.

– ಹಿಂದಿನ ಸಾಲಿನ ಶ್ರೋತೃ, ಬ್ರಹ್ಮಪುರ, ಕಲಬುರಗಿ