ತುಂಬಾ ಖಾಲಿ ಬಸ್ಸು

ಮಡಿಕೇರಿ

ಪ್ರೀತಿಯ ತಂಗಿ,

ನಿನ್ನ ಭಾಷಣದ ಕರಡು ಓದಿದೆ. ಸ್ಲ್ಯಾಂಗ್ ಯಾಕಿಷ್ಟು ಬೇಗ ಬದಲಾಗುತ್ತದೆ, ಭಾಷಾವಿಜ್ಞಾನಿಗಳಿಗೆ ಅದರಿಂದ ಏನು ಸಿಗುತ್ತದೆ ಎಂಬ ವಿಷಯಕ್ಕೆ ನಿನಗೆ ಕೊಟ್ಟಿರುವುದು 20 ನಿಮಿಷ. ಅದರೊಳಗೆ ನಲವತ್ತು ಪದ ತುರುಕಿದ್ದೀಯ: ಮಗಾ, ಮಚ್ಚಾ, ಡವ್, ಬಿಲ್ಡಪ್, ಓಳು, ಕಾಗೆ ಹಾರಿಸೋದು, ಹೀಗೆ. ಸಭೆ ಪ್ರತಿ ಪದಕ್ಕೂ ನಗುತ್ತದೆ, ಮನೆಗೆ ಹೋಗುವಾಗ ಏನೂ ಉಳಿದಿರುವುದಿಲ್ಲ. ಒಂದೇ ಕೆಲಸ ಮಾಡುವ ಪದಗಳನ್ನು ಹಿಡಿ, ಉಳಿದದ್ದನ್ನೆಲ್ಲ ತೆಗೆದುಬಿಡು. ನನ್ನನ್ನು ಕೇಳಿದರೆ ‘ಬಹಳ’ ಎಂಬ ಒತ್ತು ಕೊಡುವ ಪದಗಳೇ ಸಾಕು: ಬಹಳ, ಭಾರೀ, ತುಂಬಾ, ಸಖತ್, ಫುಲ್. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರೂ ಈ ಕೆಲಸವನ್ನು ದಿನಕ್ಕೆ ಹತ್ತಾರು ಸಲ ಮಾಡುತ್ತಾರೆ, ಆದರೆ ಬೇರೆ ಬೇರೆ ಪದ ಹಿಡಿದು. ಹಾಗಾಗಿ ಬದಲಾವಣೆ ಕಣ್ಣೆದುರೇ ಕಾಣುತ್ತದೆ.

ಮೊದಲ ಪುಟದಲ್ಲಿ ಸ್ಲ್ಯಾಂಗನ್ನು ‘ಗ್ರಾಮ್ಯ’ ಎಂದಿದ್ದೀಯ, ಅದನ್ನು ಹೊಡೆದುಹಾಕು. ಸ್ಲ್ಯಾಂಗ್ ಹೆಚ್ಚಾಗಿ ಹುಟ್ಟುವುದೇ ಕಾಲೇಜು, ಹಾಸ್ಟೆಲು, ಪೇಟೆಗಳಲ್ಲಿ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ‘ಎಂತ’, ‘ಉಂಟು’, ‘ಮಾರಾಯ’ ಇವನ್ನೂ ಪಟ್ಟಿಗೆ ಸೇರಿಸಿದ್ದೀಯ. ಅವು ಸ್ಲ್ಯಾಂಗ್ ಅಲ್ಲ, ನಮ್ಮ ಕಡೆಯ ಕನ್ನಡ. ಸಂಪಾಜೆ ಘಾಟಿ ಇಳಿದರೆ ಆಚೆಗೂ ಅದೇ ಮಾತು. ಅಜ್ಜಿಯೂ ‘ಎಂತ ಮಾರಾಯ’ ಅನ್ನುತ್ತಾಳೆ, ಮೊಮ್ಮಗನೂ ಅನ್ನುತ್ತಾನೆ. ಊರನ್ನು ತೋರಿಸುವ ಪದ ತಲೆಮಾರುಗಟ್ಟಲೆ ನಿಲ್ಲುತ್ತದೆ, ವಯಸ್ಸನ್ನೂ ಗುಂಪನ್ನೂ ತೋರಿಸುವ ಪದ ನಿಲ್ಲುವುದಿಲ್ಲ. ಇವೆರಡನ್ನು ಒಂದೇ ಚೀಲಕ್ಕೆ ಹಾಕಿದರೆ ನಿನ್ನ ವಾದ ಅಲ್ಲೇ ಬಿದ್ದುಹೋಗುತ್ತದೆ. ಮುಂದಿನ ಸಾಲಿನಲ್ಲಿ ಕೂತವರು ಮುಖ ಗಂಟಿಕ್ಕಿಕೊಳ್ಳುವುದು ಬೇರೆ.

ಭಾಷಣವನ್ನು ‘ತುಂಬಾ’ದಿಂದ ಶುರುಮಾಡು. ಅದು ಸ್ಲ್ಯಾಂಗೇ ಅಲ್ಲವಲ್ಲ ಎಂದು ಕೇಳುತ್ತೀಯ. ನಿಜ, ಅದಕ್ಕೇ ಅದು ಬೇಕು. ಮೂಲದಲ್ಲಿ ಅದು ‘ತುಂಬು’ ಕ್ರಿಯಾಪದದ ರೂಪ. ‘ಕಣದ ತುಂಬಾ ಕಾಫಿ’ ಎಂದರೆ ಕಾಫಿ ಕಣವನ್ನು ತುಂಬಿದೆ ಎಂದರ್ಥ. ಆದರೆ ಕಣ ತುಂಬುವಷ್ಟು ಕಾಫಿ ಇದ್ದರೆ ಕಾಫಿ ಬಹಳ ಇದೆ ಎಂದೂ ಆಯಿತಲ್ಲ? ಆ ಒಂದು ವಾಕ್ಯವನ್ನು ಎರಡು ರೀತಿ ಕೇಳಿಸಿಕೊಳ್ಳಬಹುದು, ಎರಡಕ್ಕೂ ಜಗಳವಿಲ್ಲ. ಅರ್ಥ ಜಾರುವುದು ಇಂಥ ಜಾಗದಲ್ಲೇ. ಎರಡನೆಯ ಅರ್ಥ ಹಿಡಿದವರಿಗೆ ಇನ್ನು ಕಣ ಬೇಕಿಲ್ಲ; ‘ತುಂಬಾ ಕಾಫಿ’ ಅಂದರೆ ಸಾಕು. ಆಮೇಲೆ ಅಳೆಯಲಾಗದ್ದಕ್ಕೂ ಅದು ಅಂಟಿಕೊಳ್ಳುತ್ತದೆ: ತುಂಬಾ ಬಿಸಿ, ತುಂಬಾ ಬೇಜಾರು. ಕೊನೆಗೆ ‘ಇವತ್ತು ಬಸ್ಸು ತುಂಬಾ ಖಾಲಿ’ ಎನ್ನುತ್ತೇವೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ತುಂಬಿದ್ದೂ ಖಾಲಿಯೂ ಪಕ್ಕಪಕ್ಕದಲ್ಲಿ ಕೂತಿವೆ.

ಈ ವಾಕ್ಯವನ್ನು ಸಭೆಯಲ್ಲಿ ನಿಧಾನವಾಗಿ ಹೇಳು, ಒಂದು ಕ್ಷಣ ಬಿಡು. ಪದದ ಹಳೆಯ ಅರ್ಥ ಪೂರ್ತಿ ಸವೆದಿದೆಯೋ ಇಲ್ಲವೋ ಎಂದು ತಿಳಿಯಲು ಇದೇ ಪರೀಕ್ಷೆ: ಅದನ್ನು ಅದರ ವಿರುದ್ಧಪದದ ಪಕ್ಕ ಕೂರಿಸು. ಜಗಳವಾಡದೆ ಕೂತರೆ ಸವೆದಿದೆ ಎಂದರ್ಥ. ‘ಭಾರೀ’ಯಲ್ಲಿ ಭಾರ ಇದೆ, ಆದರೂ ‘ಚೀಲ ಭಾರೀ ಹಗುರ’ ಅನ್ನಬಹುದು. ‘ಸಖತ್’ ಪರ್ಷಿಯನ್ ಮೂಲದ ಸಖ್ತ್, ಹಿಂದಿ ಉರ್ದುಗಳಲ್ಲಿ ಈಗಲೂ ಗಟ್ಟಿ, ಕಠಿಣ ಎಂಬ ಅರ್ಥ. ಇಲ್ಲಿ ನಾವು ‘ಕಡಂಬುಟ್ಟು ಸಖತ್ ಮೆತ್ತಗಿದೆ’ ಎನ್ನುತ್ತೇವೆ. ಗಟ್ಟಿಯಾಗಿ ಮೆತ್ತಗಿದೆ! ಇನ್ನು ‘ಫುಲ್’ ನೋಡು. ‘ಬಸ್ ಫುಲ್ ಖಾಲಿ’. ನಮ್ಮ ‘ತುಂಬಾ’ ಸವೆದು ಸಪ್ಪೆಯಾದ ಮೇಲೆ ಅದೇ ಅರ್ಥದ ಇಂಗ್ಲಿಷ್ ಪದ ಬಂದು ಅದೇ ದಾರಿಯಲ್ಲಿ ನಡೆದು ಅದೇ ಖಾಲಿ ಬಸ್ಸಿನ ಹತ್ತಿರ ನಿಂತಿದೆ. ಭಾಷಾವಿಜ್ಞಾನಿಗೆ ಬೇಕಾಗಿರುವುದು ಇದು. ಪದ ಹೋಗುತ್ತದೆ, ಅದು ನಡೆದ ದಾರಿ ಮತ್ತೆ ಮತ್ತೆ ಬಳಕೆಯಾಗುತ್ತದೆ. ಇಂಗ್ಲಿಷಿನ ‘ವೆರಿ’ ಹಳೆಯ ಫ್ರೆಂಚಿನಲ್ಲಿ ‘ನಿಜವಾದ’ ಎಂಬ ಅರ್ಥದ ಪದ. ಅದರಲ್ಲಿ ನಿಜ ಸವೆದ ಮೇಲೆ ಅಲ್ಲಿಯವರು ‘ರಿಯಲಿ’ ಹಿಡಿದರು. ಅದೂ ನಿಜವೇ.

ಹಾಗಾದರೆ ಇವು ಇಷ್ಟು ಬೇಗ ಸವೆಯುವುದು ಯಾಕೆ? ‘ಕಣ್ಣು’, ‘ಕೈ’ ಪದಗಳನ್ನೂ ನಾವು ದಿನಾ ಬಳಸುತ್ತೇವೆ. ಕನ್ನಡ, ಕೊಡವ ತಕ್ಕ್, ಮಲಯಾಳಗಳಲ್ಲಿ ಅವು ಇವತ್ತಿಗೂ ಒಂದನ್ನೊಂದು ಗುರುತು ಹಿಡಿಯುವಷ್ಟು ಹತ್ತಿರ ಇವೆ. ಬಳಕೆಯೊಂದೇ ಪದವನ್ನು ಸವೆಸುವುದಿಲ್ಲ. ‘ಕೈ’ ಎಂದಾಗ ಕೈಯನ್ನು ತೋರಿಸಿದರೆ ಅದರ ಕೆಲಸ ಮುಗಿಯಿತು. ಒತ್ತುಪದದ ಕೆಲಸ ಬೇರೆ: ಕೇಳುವವನ ಕಿವಿ ನೆಟ್ಟಗಾಗಬೇಕು. ದಿನಾ ಕೇಳಿದ ಪದಕ್ಕೆ ಕಿವಿ ನೆಟ್ಟಗಾಗುವುದಿಲ್ಲ. ಎಲ್ಲರ ಊಟವೂ ‘ಸಖತ್’ ಆದ ದಿನ ನಿಜವಾಗಿ ರುಚಿಯಾದ ಊಟಕ್ಕೆ ಇನ್ನೊಂದು ಪದ ಬೇಕಾಗುತ್ತದೆ. ಇದರ ಮೇಲೆ ಗುಂಪಿನ ಗುರುತಿನ ಕೆಲಸವೂ ಸೇರಿದಾಗ ಪದ ಸ್ಲ್ಯಾಂಗ್ ಆಗುತ್ತದೆ, ವೇಗ ಇಮ್ಮಡಿಯಾಗುತ್ತದೆ. ಮೇಷ್ಟ್ರು ಪಾಠದ ನಡುವೆ ಅದನ್ನು ಹೇಳಿದರೆ, ಹೋಮ್‌ಸ್ಟೇ ಬೋರ್ಡಿನಲ್ಲಿ ಅದು ಕಂಡರೆ, ಹುಡುಗರಿಗೆ ಅದು ಗುರುತಾಗಿ ಉಳಿಯುವುದಿಲ್ಲ. ಈ ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ಹೇಳು. ನಿನ್ನ ಕರಡಿನಲ್ಲಿ ‘ಸಾಮಾಜಿಕ ಜಾಲತಾಣದಿಂದಾಗಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಫೋನು ಪದವನ್ನು ಬೇಗ ಹಂಚುತ್ತದೆ, ಅದರಿಂದ ಬೇಗ ಹಳತಾಗಿಸಲೂಬಹುದು. ಆದರೆ ಫೋನು ಬರುವ ಮುಂಚೆಯೂ ಪದ ಸವೆಯುತ್ತಿತ್ತು.

ಮುಂದಿನದು ಎಣಿಕೆ. ಹೆಚ್ಚಿನವರು ಎಡವುವುದು ಇಲ್ಲಿ. ನೀನು ಹುಡುಗರು ಎಷ್ಟು ಸಲ ‘ಸಖತ್’ ಅಂದರು ಎಂದು ಎಣಿಸಿ ‘ಇವತ್ತಿನವರು ಎಲ್ಲವನ್ನೂ ಉತ್ಪ್ರೇಕ್ಷೆ ಮಾಡುತ್ತಾರೆ’ ಎಂದು ಬರೆದಿದ್ದೀಯ. ಪದ ಬಂದ ಜಾಗಗಳನ್ನು ಎಣಿಸಿದರೆ ಸಾಲದು, ಬರಬಹುದಾಗಿದ್ದೂ ಬಾರದ ಜಾಗಗಳನ್ನೂ ಎಣಿಸಬೇಕು. ವೇದಿಕೆಗೆ ಒಂದು ಕಲ್ಪಿತ ಲೆಕ್ಕ ಕೊಡುತ್ತೇನೆ, ಕಲ್ಪಿತ ಎಂದು ಅಲ್ಲೇ ಹೇಳಿಬಿಡು. ಒಬ್ಬ ಅಜ್ಜ, ಒಬ್ಬ ಮೊಮ್ಮಗಳು, ಇಬ್ಬರದೂ ಅರ್ಧ ಗಂಟೆಯ ಮಾತು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದು. ಇಬ್ಬರಲ್ಲೂ ಒತ್ತು ಕೊಡಬಹುದಾದ ಜಾಗ 50 ಸಿಕ್ಕವು ಅಂದುಕೋ: ಚೆನ್ನಾಗಿದೆ, ದೊಡ್ಡದು, ಚಳಿ, ಬೇಜಾರು ಇಂಥವು. ಮೊಮ್ಮಗಳು 8 ಸಲ ಸಖತ್, 4 ಸಲ ಫುಲ್, 3 ಸಲ ತುಂಬಾ ಅಂದಳು, 35 ಕಡೆ ಏನೂ ಸೇರಿಸಲಿಲ್ಲ. ಅಜ್ಜ 8 ಸಲ ಬಹಳ, 5 ಸಲ ಭಾರೀ, 2 ಸಲ ತುಂಬಾ ಅಂದರು, ಅವರಿಗೂ 35 ಕಡೆ ಬರಿದೇ. ‘ಸಖತ್’ ಮಾತ್ರ ಎಣಿಸಿದರೆ 8ಕ್ಕೆ ಸೊನ್ನೆ. ಮೊಮ್ಮಗಳ ಬಾಯಿ ದೊಡ್ಡದು ಎನ್ನಿಸುತ್ತದೆ. ಎಲ್ಲವನ್ನೂ ಎಣಿಸಿದರೆ ಇಬ್ಬರೂ 50ರಲ್ಲಿ 15. ಒತ್ತಿನ ಪ್ರಮಾಣ ಒಂದೇ, ಪದ ಮಾತ್ರ ಬೇರೆ.

ಎಣಿಸುವಾಗ ಕೆಲವನ್ನು ಹೊರಗಿಡಬೇಕು. ‘ಅಷ್ಟು ಚೆನ್ನಾಗಿಲ್ಲ’, ‘ಅದಕ್ಕಿಂತ ದೊಡ್ಡದು’ ಇಂಥ ಕಡೆ ಆಯ್ಕೆಗಳೇ ಬೇರೆ, ಆದ್ದರಿಂದ ಸೇರಿಸಬೇಡ. ‘ಟ್ಯಾಂಕ್ ಫುಲ್’, ‘ಮನೆ ತುಂಬಾ ನೆಂಟರು’ ಇವುಗಳಲ್ಲಿ ಪದಕ್ಕೆ ಹಳೆಯ ಅರ್ಥವೇ ಇದೆ, ಅವೂ ಬೇಡ. ಅನುಮಾನವಿದ್ದದ್ದನ್ನು ಬೇರೆ ಹಾಳೆಯಲ್ಲಿ ಬರೆದಿಡು. ಕಣದ ತುಂಬಾ ಕಾಫಿಯಂಥ ಚಿನ್ನ ಸಿಗುವುದು ಆ ಹಾಳೆಯಲ್ಲೇ. ಬರಹದಲ್ಲಿ ಹುಡುಕುವುದಾದರೆ ಸಖತ್, ಸಕತ್, ಸಕ್ಕತ್ ಮೂರನ್ನೂ ಹುಡುಕು. ಒಂದೇ ಕಾಗುಣಿತ ನೋಡಿ ‘ಈ ಪದ ಇಂಥ ವರ್ಷ ಹುಟ್ಟಿತು’ ಎಂದು ಹೇಳಿದರೆ ತಪ್ಪುತ್ತೀಯ. ಬಾಯಲ್ಲಿ ಓಡಾಡಿ ಎಷ್ಟೋ ಕಾಲದ ಮೇಲೆ ಸ್ಲ್ಯಾಂಗ್ ಅಚ್ಚಿಗೆ ಬರುತ್ತದೆ.

‘ನೀವು ಈ ಪದ ಬಳಸುತ್ತೀರಾ’ ಎಂದು ನೇರ ಕೇಳಬೇಡ. ಹಿರಿಯರು ಬಳಸಿದರೂ ಇಲ್ಲ ಅನ್ನುತ್ತಾರೆ, ಹುಡುಗರು ಬಳಸದಿದ್ದರೂ ಹೌದು ಅನ್ನುತ್ತಾರೆ. 1962ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬಾವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಮಾಡಿದ ಉಪಾಯವನ್ನು ಹೇಳು. ಜನ ‘ರ’ಕಾರ ಉಚ್ಚರಿಸುತ್ತಾರೋ ಬಿಡುತ್ತಾರೋ ಅವರಿಗೆ ತಿಳಿಯಬೇಕಿತ್ತು. ನಾಲ್ಕನೇ ಮಹಡಿಯಲ್ಲಿ ಇರುವ ಸಾಮಾನನ್ನು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿದರು. ಉತ್ತರ ‘ಫೋರ್ತ್ ಫ್ಲೋರ್’ ಎಂದೇ ಬರಬೇಕು. ಕೇಳಿಸಲಿಲ್ಲ ಎಂಬಂತೆ ಇನ್ನೊಮ್ಮೆ ಹೇಳಿಸಿದರು. 264 ಜನ ಉತ್ತರಿಸಿದರು, ತಮ್ಮ ಉಚ್ಚಾರಣೆ ಪರೀಕ್ಷೆಯಾಗುತ್ತಿದೆ ಎಂಬ ಅರಿವು ಅವರಿಗಿರಲಿಲ್ಲ. ಅದು ಸ್ಲ್ಯಾಂಗಿನ ಅಧ್ಯಯನವಲ್ಲ, ಉಚ್ಚಾರಣೆಯದು ಎಂದು ಸಭೆಗೆ ಸ್ಪಷ್ಟಪಡಿಸು. ನಿನಗೆ ಬೇಕಾದದ್ದು ಕೇಳುವ ಬಗೆ. ನೀನು ‘ಈ ಸಲದ ಮಳೆ ಹೇಗಿತ್ತು’ ಎಂದು ಕೇಳು. ಕೊಡಗಿನಲ್ಲಿ ಅದಕ್ಕೆ ಒತ್ತುಪದವಿಲ್ಲದ ಉತ್ತರ ಬರುವುದು ಕಷ್ಟ.

ಒಂದು ಮಿತಿಯನ್ನು ಮರೆಯಬೇಡ. ಹುಡುಗರು ಒಂದು ಪದ, ಹಿರಿಯರು ಇನ್ನೊಂದು ಪದ ಬಳಸಿದರೆ ಎರಡು ವಿವರಣೆ ಸಾಧ್ಯ. ಭಾಷೆಯೇ ಬದಲಾಗುತ್ತಿರಬಹುದು, ಅಥವಾ ಈ ಹುಡುಗರೂ ನಲವತ್ತಾದ ಮೇಲೆ ಹಿರಿಯರ ಪದಕ್ಕೇ ಬರಬಹುದು. ಒಂದು ದಿನದ ಲೆಕ್ಕ ಇವೆರಡನ್ನು ಬೇರ್ಪಡಿಸುವುದಿಲ್ಲ. ವರ್ಷಗಳ ನಂತರ ಮತ್ತೆ ಅಲ್ಲಿಗೇ ಹೋಗಿ ಎಣಿಸಬೇಕು. ಲಬಾವ್ ಅವರ ಅಂಗಡಿ ಪ್ರಯೋಗವನ್ನು 1986ರಲ್ಲಿ ಜಾಯ್ ಫೌಲರ್ ಮತ್ತೆ ಮಾಡಿದ್ದು ಅದಕ್ಕೇ. ಸ್ಲ್ಯಾಂಗಿನಲ್ಲಿ ಕಷ್ಟ ಏನೆಂದರೆ ಮತ್ತೆ ಹೋಗುವ ಹೊತ್ತಿಗೆ ಪದವೇ ಇಲ್ಲದಿರಬಹುದು. ಅದಕ್ಕೇ ಪದವನ್ನಲ್ಲ, ಕೆಲಸವನ್ನು ಎಣಿಸು ಎಂದು ಮೊದಲೇ ಹೇಳಿದ್ದು.

ಸಭೆಯಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಇರುವವರೇ ಹೆಚ್ಚಿರಬಹುದು. ಅವರ ಭಾಷೆಯ ಒತ್ತುಪದಗಳನ್ನು ನೀನು ವಿವರಿಸಲು ಹೋಗಬೇಡ, ಅವರಿಂದಲೇ ಕೇಳು. ವಿರುದ್ಧಪದದ ಪರೀಕ್ಷೆಯನ್ನು ಅವರೇ ತಮ್ಮ ಮಾತಿನ ಮೇಲೆ ಮಾಡಲಿ.

ಕೊನೆಯ ಮೂರು ನಿಮಿಷಕ್ಕೆ ‘ಬೆಂಕಿ’ಯನ್ನು ಇಟ್ಟುಕೋ. ‘ಪಂದಿಕರಿ ಬೆಂಕಿ’ ಅಂದರೆ ಅಜ್ಜಿ ನೀರಿನ ಲೋಟ ತರುತ್ತಾಳೆ, ಮೊಮ್ಮಗ ತಟ್ಟೆ ಚಾಚುತ್ತಾನೆ. ಅದು ಸದ್ಯಕ್ಕೆ ಹೊಗಳಿಕೆಯ ಪದ. ಒತ್ತುಪದ ಆಗಿದೆಯೋ ಇಲ್ಲವೋ ನೋಡಬೇಕು. ಎಲ್ಲರಿಗೂ ಒಂದೊಂದು ಚೀಟಿ ಕೊಡು, ಹೆಸರು ಬೇಡ, ವಯಸ್ಸು ಸಾಕು. ಮೂರು ವಾಕ್ಯ ಓದು: ‘ಐಸ್‌ಕ್ರೀಮ್ ಬೆಂಕಿ’, ‘ಐಸ್‌ಕ್ರೀಮ್ ಬೆಂಕಿ ಚೆನ್ನಾಗಿದೆ’, ‘ಐಸ್‌ಕ್ರೀಮ್ ಬೆಂಕಿ ತಣ್ಣಗಿದೆ’. ಯಾವುದನ್ನು ಯಾರಾದರೂ ಹೇಳುವುದನ್ನು ಕೇಳಿದ್ದೀರೋ ಅದಕ್ಕೆ ಗುರುತು ಹಾಕಿ ಅನ್ನು. ಮೊದಲನೆಯದಕ್ಕೆ ಸಣ್ಣವರು ಹಾಕುತ್ತಾರೆ, ಮೂರನೆಯದಕ್ಕೆ ಬಹುಶಃ ಯಾರೂ ಹಾಕುವುದಿಲ್ಲ. ಯಾರಾದರೂ ಹಾಕಿದರೆ ಆ ಚೀಟಿಯನ್ನು ಬೇರೆ ಎತ್ತಿಡು, ಹಿಂದೆ ತಾರೀಕು ಬರೆದು ನನಗೆ ಕಳಿಸು.

ಇಂತಿ,
ನಿನ್ನ ಅಣ್ಣ