ತಾನಾಗೇ ಲಾಗೌಟ್ ಆಗೋದು: ಇವತ್ತು ಎಲ್ರೂ ನೋಡಿ

ಮೂಡಿಗೆರೆ ಕಡೆ ತೋಟದ ರೈಟರ್‌ಗಳು ಹಣ್ಣಿನ ತೂಕ ಹಾಕ್ತಾ ಇರೋವಾಗ್ಲೇ ಆ್ಯಪ್ ಲಾಗಿನ್ ಪೇಜಿಗೆ ಬಂದ್ಬಿಡ್ತದಂತೆ. ನಂಗನ್ಸೋದು ಟೋಕನ್ ಎಕ್ಸ್‌ಪೈರ್ ಆಗೋದು ತೊಂದ್ರೆ ಅಲ್ಲ, ಹೋಮ್ ಸ್ಕ್ರೀನ್ ಒಟ್ಟಿಗೆ ಮೂರು ಎಪಿಐ ಕರೀತದೆ, ಮೂರಕ್ಕೂ 401 ಬರ್ತದೆ, ಮೂರೂ ಅದೇ ಒಂದು ರಿಫ್ರೆಶ್ ಟೋಕನ್ ಹಿಡ್ಕೊಂಡು ಓಡ್ತವೆ. ನಮ್ ಸರ್ವರಲ್ಲಿ ಅದು ಒಂದ್ಸಲಕ್ಕೆ ಮಾತ್ರ. ಮೊದಲನೇದಕ್ಕೆ ಹೊಸದು ಸಿಗ್ತದೆ, ಎರಡನೇದು ಹಳೇದನ್ನೇ ಕೊಟ್ಟಾಗ ಯಾರೋ ಕದ್ದಿದಾರೆ ಅನ್ಕೊಂಡು ಸರ್ವರ್ ಇಡೀ ಸೆಷನ್ನೇ ರದ್ದು ಮಾಡ್ತದೆ.

ಟೆಸ್ಟ್ ಸರ್ವರಲ್ಲಿ ಆಕ್ಸೆಸ್ ಟೋಕನ್ನಿನ ಆಯಸ್ಸು 2 ನಿಮಿಷಕ್ಕೆ ಇಳಿಸಿದೀನಿ. ತೂಕ ಅರ್ಧ ಟೈಪ್ ಮಾಡಿ, ಆ್ಯಪ್ ಬ್ಯಾಕ್‌ಗ್ರೌಂಡಿಗೆ ಹಾಕಿ, 3 ನಿಮಿಷ ಬಿಟ್ಟು ವಾಪಸ್ ಬಂದು ಹೋಮ್ ತೆಗೀರಿ. ಪ್ರಾಕ್ಸಿ ಲಾಗಲ್ಲಿ `/auth/refresh` ಒಂದೇ ಸಲ ಕಾಣ್ಬೇಕು, ಮಿಕ್ಕವು ಕಾದು ಹೊಸ ಟೋಕನ್ನಲ್ಲಿ ಮತ್ತೆ ಹೋಗಿ 200 ತರ್ಬೇಕು, ಟೈಪ್ ಮಾಡಿದ್ ತೂಕ ಹಂಗೇ ಇರ್ಬೇಕು. ಎರಡು ಕಂಡ್ರೆ ಅದೇ ಬಗ್.

ಫೋನಿನ ಟೈಮ್ ಮುಂದೆ ಮಾಡಿ ನೋಡೋದು ಬೇಡ್ರಪ್ಪ, ಸರ್ವರ್ ತನ್ನ ಗಡಿಯಾರನೇ ನೋಡೋದು. ಆಮೇಲೆ ರಿಫ್ರೆಶ್ ಆಗ್ತಿರೋವಾಗ ಡೇಟಾ ಆಫ್ ಮಾಡಿನೂ ನೋಡಿ, ತೋಟದೊಳಗೆ ಸಿಗ್ನಲ್ ಹೋಗೋದು ಗೊತ್ತೇ ಇದೆಯಲ್ಲ, ಟೈಮೌಟಿಗೆಲ್ಲ ಲಾಗೌಟ್ ಮಾಡ್ಬಾರ್ದು. ಪ್ರಾಕ್ಸಿ ಲಾಗ್‌ದು ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಟೋಕನ್ ಮಾತ್ರ ಮುಚ್ಚಿ.