ಮಗಳಿಗೊಂದು ಪತ್ರ: ಅವ್ವನ ಖಾತೆಗೆ ದುಡ್ಡು ಹಾಕುವ ಮುಂಚೆ

ಪ್ರೀತಿಯ ಮಗಳೇ,

ಮೊದಲ ಸಂಬಳ ಬಂದ ಕೂಡಲೇ ಊರಿಗೆ ಕಳಿಸ್ತೀನಿ ಅಂತ ಫೋನಲ್ಲಿ ಅಂದೆಯಲ್ಲ, ಅದಕ್ಕೇ ಇದನ್ನು ಬರೆದು ಕಳಿಸ್ತಿದ್ದೀನಿ. ಫೋನಲ್ಲಿ ಹೇಳಿದ್ದು ಮರೆತು ಹೋಗುತ್ತೆ.

ನೀನು ದುಡ್ಡು ಹಾಕೋದು ಅವ್ವನ ಜನ್‌ಧನ್ ಖಾತೆಗೆ. ಈ ಖಾತೆಗಳಲ್ಲಿ ಎರಡು ಥರ ಇವೆ. ಆಧಾರ್‌ನಂಥ ದಾಖಲೆ ಕೊಟ್ಟು ಪೂರ್ತಿ ಕೆವೈಸಿ ಮಾಡಿಸಿದ ಖಾತೆ ಒಂದು. ದಾಖಲೆ ಇಲ್ಲದೆ ಬರೀ ಫೋಟೋ, ಹೆಬ್ಬೆಟ್ಟಿನ ಮೇಲೆ ತೆರೆದ ‘ಸಣ್ಣ ಖಾತೆ’ ಇನ್ನೊಂದು. ಸಣ್ಣ ಖಾತೆಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ಯಾವತ್ತೂ 50,000ಕ್ಕಿಂತ ಹೆಚ್ಚು ಉಳಿದಿರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ.

ಲೆಕ್ಕ ಹಾಕಿ ನೋಡು. ನೀನು ತಿಂಗಳಿಗೆ 5,000 ಕಳಿಸಿದರೆ ವರ್ಷಕ್ಕೆ 60,000. ಗೃಹಲಕ್ಷ್ಮಿಯ 2,000 ಪ್ರತಿ ತಿಂಗಳೂ ಬಂದರೆ ಅದು 24,000. ಅಲ್ಲಿಗೆ 84,000 ಆಯ್ತು. ನಡುವೆ ಸಂಘದ ಸಾಲ 30,000 ಅದೇ ಖಾತೆಗೆ ಬಂತು ಅಂದುಕೋ, 1,14,000 ಆಗಿ ಮಿತಿ ದಾಟಿತು. ಅಲ್ಲಿಂದಾಚೆ ನೀನು ಹಾಕಿದ್ದು ಜಮಾ ಆಗದೆ ನಿನಗೇ ವಾಪಸ್ ಬರುತ್ತೆ, ಅವ್ವ ಇಲ್ಲಿ ಬ್ಯಾಂಕಿಗೆ ಅಲೆಯಬೇಕಾಗುತ್ತೆ. ಗೃಹಲಕ್ಷ್ಮಿ ಬರ್ತಿದೆ, ಆಧಾರ್ ಜೋಡಿಸಿದೆ, ಇನ್ನೇನು ತೊಂದರೆ ಅನ್ನಬೇಡ. ಖಾತೆಗೆ ಆಧಾರ್ ಜೋಡಿಸುವುದೇ ಬೇರೆ, ಕೆವೈಸಿಯೇ ಬೇರೆ. ಹತ್ತು ವರ್ಷ ದಾಟಿದ ಖಾತೆಗೆ ಮತ್ತೆ ಕೆವೈಸಿ ಕೇಳ್ತಾರೆ. ಕೊಡದಿದ್ದರೆ ದುಡ್ಡು ತೆಗೆಯೋದಕ್ಕೆ ತಡೆ ಬೀಳಬಹುದು. ಈ ವಾರವೇ ಅವ್ವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗ್ತೀನಿ. ‘ಕೆವೈಸಿ ಪೂರ್ತಿ ಆಗಿದೆಯಾ, ಇದು ಸಣ್ಣ ಖಾತೆಯಾ’ ಅಂತ ಎರಡೂ ಕೇಳಿ ತಿಳಿಸ್ತೀನಿ. ಅಲ್ಲಿಯವರೆಗೆ ಹಾಕಬೇಡ.

ಅವ್ವ ದುಡ್ಡು ತೆಗೆಯೋದು ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟು ಒತ್ತಿ. ಹತ್ತಿ ಬಿಡಿಸಿ ಸವೆದ ಬೆರಳು ಯಂತ್ರಕ್ಕೆ ಸರಿಯಾಗಿ ಸಿಗಲ್ಲ. ‘ಆಗಲಿಲ್ಲ, ಇನ್ನೊಮ್ಮೆ ಒತ್ತಿ’ ಅಂತಾರೆ. ಹಾಗೆ ಅಂದಾಗ ಎರಡನೇ ಸಲ ಒತ್ತುವ ಮುಂಚೆ ಉಳಿಕೆ ಎಷ್ಟಿದೆ ಅಂತ ನೋಡಿಸಬೇಕು. ಯಾಕಂದ್ರೆ ಕೆಲವೊಮ್ಮೆ ಖಾತೆಯಲ್ಲಿ ಕಡಿತ ಆಗಿರುತ್ತೆ, ಯಂತ್ರಕ್ಕೆ ಮಾತ್ರ ಉತ್ತರ ಬಂದಿರಲ್ಲ. ಹಾಗೆ ಕಡಿತವಾಗಿದ್ದು ಐದು ದಿನದೊಳಗೆ ವಾಪಸ್ ಜಮಾ ಆಗಬೇಕು, ಆಗದಿದ್ದರೆ ಚೀಟಿ ಹಿಡಿದು ಬ್ಯಾಂಕಲ್ಲಿ ದೂರು ಬರೆದುಕೊಡಬೇಕು. ಅದಕ್ಕೇ ಕೆಲಸ ಆಗದಿದ್ದರೂ ಚೀಟಿ ಕೇಳಿ ಇಸ್ಕೋ ಅಂತ ಅವ್ವನಿಗೆ ನೀನೂ ಹೇಳು, ನಿನ್ನ ಮಾತು ಕೇಳ್ತಾಳೆ.

ಇನ್ನು ನಿನ್ನ ಕಡೆಯ ಲೆಕ್ಕ. ಗಾರ್ಮೆಂಟ್ಸ್‌ನವರು ತೆರೆಸಿಕೊಟ್ಟ ಸಂಬಳದ ಖಾತೆಯಲ್ಲೇ ಉಳಿತಾಯ ಇಡಬೇಡ. ಕೆಲಸ ಬಿಟ್ಟು ಕೆಲವು ತಿಂಗಳು ಸಂಬಳ ಬೀಳದಿದ್ದರೆ ಅದು ಮಾಮೂಲಿ ಖಾತೆ ಆಗುತ್ತೆ, ಬ್ಯಾಂಕಿನ ನಿಯಮದ ಪ್ರಕಾರ ಕನಿಷ್ಠ ಮೊತ್ತ ಇಲ್ಲ ಅಂತ ದಂಡ ಹಿಡಿಯಬಹುದು. ಬೇರೆ ಬ್ಯಾಂಕಲ್ಲಿ ಕನಿಷ್ಠ ಮೊತ್ತ ಬೇಡದ ಖಾತೆ ತೆರೆ, ಅದಕ್ಕೆ ಯುಪಿಐ ಜೋಡಿಸಲೇಬೇಡ. ಫೋನಲ್ಲಿ ಸಿಗುವ ದುಡ್ಡು ಬೇಗ ಖರ್ಚಾಗುತ್ತೆ. ಕೈಗೆ 13,000 ಬಂದರೆ ಬಾಡಿಗೆಯ ನಿನ್ನ ಪಾಲು 3,000, ಮನೆಗೆ 5,000, ಆ ಖಾತೆಗೆ 1,500. ಉಳಿದ 3,500ರಲ್ಲಿ ಊಟ, ಗ್ಯಾಸ್, ಫೋನು. ಅದು ಸಾಕಾಗದ ತಿಂಗಳು ಮನೆಗೆ 4,000 ಕಳಿಸು, ಉಳಿತಾಯ ಮುಟ್ಟಬೇಡ. ಆ ಖಾತೆಯಲ್ಲಿ ಎರಡು ತಿಂಗಳ ಖರ್ಚು ಸೇರುವ ತನಕ ಆರ್‌ಡಿ ಬೇಡ. ಆಮೇಲೆ ಮಾಡಿಸಿದರೆ ಸಂಬಳ 7ಕ್ಕೆ ಬೀಳೋದಾದರೆ ಕಂತಿನ ತಾರೀಖು 10 ಅಂತ ಬರೆಸು. 5 ಅಂತ ಬರೆಸಿದರೆ ಖಾತೆ ಖಾಲಿ ಇದ್ದು ಕಂತು ತಪ್ಪುತ್ತೆ.

ಮನೆಯ ಅಡ್ವಾನ್ಸ್ 30,000ದಲ್ಲಿ ನಿನ್ನ ಪಾಲು 15,000 ಅಂದೆ. ಅದನ್ನು ಗೆಳತಿಯ ಕೈಗೆ ನಗದು ಕೊಡಬೇಡ. ಮಾಲೀಕರ ಖಾತೆಗೆ ನಿನ್ನ ಖಾತೆಯಿಂದಲೇ ಹಾಕು, ಕರಾರುಪತ್ರದಲ್ಲಿ ಇಬ್ಬರ ಹೆಸರೂ ಬರಲಿ. ಅವಳೊಬ್ಬಳ ಹೆಸರಿದ್ದರೆ ಮನೆ ಬಿಡುವಾಗ ಪೂರ್ತಿ ಅಡ್ವಾನ್ಸ್ ಅವಳ ಕೈಗೇ ಹೋಗುತ್ತೆ. ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನೋದನ್ನು ಮೊತ್ತದ ಸಮೇತ ಬರೆಸು. ಒಳಗೆ ಸಾಮಾನು ಇಡುವ ಮುಂಚೆ ಗೋಡೆ, ನಲ್ಲಿ, ಕರೆಂಟ್ ಮೀಟರ್‌ನ ರೀಡಿಂಗ್, ಎಲ್ಲದರ ಫೋಟೋ ತೆಗೆದು ನನಗೂ ಕಳಿಸು, ಇಲ್ಲಿ ಇಟ್ಟಿರ್ತೀನಿ.

ಬ್ಯಾಂಕಿಗೆ ಹೋಗಿ ಬಂದ ದಿನ ಸಂಜೆ ಫೋನ್ ಮಾಡ್ತೀನಿ. ಆಮೇಲೆ ಮೊದಲು ಒಂದು ರೂಪಾಯಿ ಹಾಕು, ಅವ್ವನ ಹೆಸರೇ ಬಂತಾ ನೋಡು, ಇಲ್ಲಿ ಜಮಾ ಆಯ್ತು ಅಂತ ನಾನು ಹೇಳಿದ ಮೇಲೆ ಉಳಿದದ್ದು ಕಳಿಸು.

ನಿನ್ನ ಅಪ್ಪ